ಮೂವತ್ತು ಬ್ಯಾಡ್ಜ್ ಬೇಡ, ಮೂರು ಕೆಲಸ ಸಾಕು: ಗಿಟ್‌ಹಬ್‌ನಲ್ಲಿ ನಿಮ್ಮನ್ನು ಪರಿಚಯಿಸಿಕೊಳ್ಳುವುದು ಹೇಗೆ?

ಕಳೆದ ಯುಗಾದಿಗೆ ಚಿಕ್ಕಯ್ಯನಛತ್ರಕ್ಕೆ ಹೋಗಿದ್ದೆ. ಹಬ್ಬದ ಊಟ ಮುಗಿಸಿ ಜಗುಲಿ ಮೇಲೆ ಕೂತಿದ್ದಾಗ ಪಕ್ಕದ ಬೀದಿಯ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಮೈಸೂರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಬಿಸಿಎ ಮುಗಿಸಿದವಳು. ಪದವಿ ಆಗಿ ಒಂಬತ್ತು ತಿಂಗಳಾಗಿತ್ತು, ಕೆಲಸ ಸಿಕ್ಕಿರಲಿಲ್ಲ. ಅವಳಪ್ಪ ಹಿಂದೆಯೇ ಬಂದು ನಿಂತರು. "ನೋಡಪ್ಪ, ನೀನೂ ಅದೇ ಲೈನಲ್ಲಿದ್ದೀಯ. ಇವಳ್ದು ಏನು ತಪ್ಪಾಗ್ತಾ ಇದೆ ಅಂತ ಒಂಚೂರು ಹೇಳು. ಆಷಾಢದೊಳಗೆ ಏನೂ ಆಗ್ಲಿಲ್ಲ ಅಂದ್ರೆ ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾವುದಾದ್ರೂ ಪ್ಯಾಕಿಂಗ್ ಕೆಲಸಕ್ಕೆ ಹೋಗ್ಲಿ ಅಂತಿದ್ದೀನಿ" ಅಂದರು.

ನಾನು ಹದಿಮೂರು ವರ್ಷಗಳಿಂದ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದೇನೆ. ಕೊನೆಯ ಐದಾರು ವರ್ಷ ಹೊಸಬರನ್ನು ಆರಿಸುವ ಕೆಲಸವೂ ನನ್ನ ಪಾಲಿಗೆ ಬಂದಿದೆ. ಹಾಗಾಗಿ ಅವಳ ಅರ್ಜಿ ನೋಡಿದ ಮೇಲೆ ನಾನು ಮಾಡುವ ಮೊದಲ ಕೆಲಸವನ್ನೇ ಮಾಡಿದೆ: ಅದರಲ್ಲಿದ್ದ ಗಿಟ್‌ಹಬ್ ಕೊಂಡಿ ಒತ್ತಿದೆ. ತೆರೆದುಕೊಂಡ ಪುಟದಲ್ಲಿ ಕೈ ಬೀಸುವ ಒಂದು ಚಿತ್ರ, ಅದರ ಕೆಳಗೆ ಬಣ್ಣಬಣ್ಣದ ಮೂವತ್ತನಾಲ್ಕು ಬ್ಯಾಡ್ಜುಗಳು. ಪೈಥಾನ್, ಜಾವಾ, ರಿಯಾಕ್ಟ್, ಆಂಗ್ಯುಲರ್, ಡಾಕರ್, ಕುಬರ್ನೆಟಿಸ್, ಎಡಬ್ಲ್ಯೂಎಸ್... ಇನ್ನೂ ಕೆಳಗೆ ಎರಡು ಅಂಕಿಅಂಶದ ಕಾರ್ಡುಗಳು. ಒಂದು ಲೋಡ್ ಆಗದೆ ಮುರಿದ ಚಿತ್ರದ ಗುರುತು ತೋರಿಸುತ್ತಿತ್ತು. ಇನ್ನೊಂದು, ಅವಳು ಹೆಚ್ಚಾಗಿ ಬಳಸುವ ಭಾಷೆ "ಜುಪಿಟರ್ ನೋಟ್‌ಬುಕ್, ಶೇ. 96" ಅನ್ನುತ್ತಿತ್ತು.

"ಕುಬರ್ನೆಟಿಸ್ ಬರುತ್ತೇನವ್ವ?" ಅಂತ ಕೇಳಿದೆ.

"ಇಲ್ಲಣ್ಣ. ಟ್ರೈನಿಂಗ್ ಸೆಂಟರ್‌ನಲ್ಲಿ ಎಲ್ಲಾ ಹಾಕಿ ಅಂದ್ರು, ಹಾಕ್ದೆ. ಒಂದ್ಕಡೆ ಇಂಟರ್‌ವ್ಯೂನಲ್ಲಿ ಮೊದಲನೇ ಪ್ರಶ್ನೆನೇ ಅದು ಕೇಳ್ಬಿಟ್ರು. ಬಾಯೇ ಬರ್ಲಿಲ್ಲ. ಆಮೇಲೆ ಪೈಥಾನ್ ಕೇಳಿದ್ರೂ ಉತ್ತರ ಹೇಳಕ್ಕಾಗ್ಲಿಲ್ಲ."

ಪಟ್ಟಿಯ ಅಪಾಯ ಇಲ್ಲೇ ಇದೆ. ಬರೆದ ಪ್ರತಿ ಹೆಸರೂ ಎದುರಿಗೆ ಕೂತವರಿಗೆ ನಾವೇ ಕೊಟ್ಟ ಪ್ರಶ್ನೆ. ಮೂವತ್ತನಾಲ್ಕು ಹೆಸರು ಬರೆದವಳು ಮೂವತ್ತನಾಲ್ಕು ಕಡೆಯಿಂದ ಪ್ರಶ್ನೆ ಬರಲು ಬಾಗಿಲು ತೆರೆದಿಟ್ಟಿದ್ದಳು. ಅವಳಿಗೆ ನಿಜವಾಗಿ ಗೊತ್ತಿದ್ದ ನಾಲ್ಕು ವಿಷಯ ಆ ಗುಂಪಿನಲ್ಲಿ ಎಲ್ಲಿವೆ ಎಂದು ಯಾರಿಗೂ ಕಾಣುತ್ತಿರಲಿಲ್ಲ.

ಆ ಮಧ್ಯಾಹ್ನದಿಂದ ಸಂಜೆವರೆಗೆ ಕೂತು ಆ ಪುಟವನ್ನು ಮತ್ತೆ ಬರೆದೆವು. ಏನು ಮಾಡಿದೆವು, ಯಾಕೆ ಮಾಡಿದೆವು ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಇದೇ ಸ್ಥಿತಿಯಲ್ಲಿರುವ ಹುಡುಗ ಹುಡುಗಿಯರು ನಮ್ಮ ತಾಲ್ಲೂಕುಗಳಲ್ಲಿ ಅವಳೊಬ್ಬಳೇ ಅಲ್ಲ.

ಈ ಪುಟ ಅಂದರೆ ಏನು?

ತಂತ್ರಾಂಶ ಬರೆಯುವವರು ತಮ್ಮ ಕೋಡನ್ನು ಇಟ್ಟುಕೊಳ್ಳುವ, ಬೇರೆಯವರೊಂದಿಗೆ ಸೇರಿ ತಿದ್ದುವ ತಾಣ ಗಿಟ್‌ಹಬ್. ಅಲ್ಲಿ ಒಂದೊಂದು ಯೋಜನೆಗೂ ಒಂದೊಂದು ಕಣಜ ಇರುತ್ತದೆ, ಅದನ್ನು ರೆಪೊ ಅನ್ನುತ್ತಾರೆ. 2020ರಲ್ಲಿ ಗಿಟ್‌ಹಬ್ ಒಂದು ಅನುಕೂಲ ಕೊಟ್ಟಿತು. ನಿಮ್ಮ ಬಳಕೆದಾರ ಹೆಸರು ಏನಿದೆಯೋ ಅದೇ ಹೆಸರಿನ ರೆಪೊ ಮಾಡಿ, ಅದನ್ನು ಎಲ್ಲರಿಗೂ ಕಾಣುವಂತೆ ಇಟ್ಟು, ಅದರೊಳಗೆ `README.md` ಅನ್ನುವ ಕಡತ ಬರೆದರೆ, ಅದರಲ್ಲಿರುವುದು ನಿಮ್ಮ ಮುಖಪುಟದ ಮೇಲ್ಭಾಗದಲ್ಲಿ ಕಾಣಿಸುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಏನೂ ಕಾಣುವುದಿಲ್ಲ. ಹೆಸರು ಸ್ವಲ್ಪ ಬೇರೆ ಇರುವುದು, ರೆಪೊ ಖಾಸಗಿಯಾಗಿ ಉಳಿದಿರುವುದು, ಕಡತ ಒಳಗಿನ ಫೋಲ್ಡರಿನಲ್ಲಿ ಇರುವುದು, ಇವೇ ಸಾಮಾನ್ಯ ಕಾರಣ.

ಹೊಸದಾಗಿ ಮಾಡುವಾಗ ಗಿಟ್‌ಹಬ್ ಒಂದು ಮಾದರಿಯನ್ನೂ ಕೊಡುತ್ತದೆ. "ಈಗ ಏನು ಮಾಡುತ್ತಿದ್ದೇನೆ, ಏನು ಕಲಿಯುತ್ತಿದ್ದೇನೆ, ಒಂದು ತಮಾಷೆಯ ಸಂಗತಿ" ಎಂಬ ಸಾಲುಗಳು ಅದರಲ್ಲಿರುತ್ತವೆ. ಬಹಳ ಜನ ಅದನ್ನೇ ತುಂಬಿಸಿ ಬಿಟ್ಟುಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ "ಏನು ಕಲಿಯುತ್ತಿದ್ದೇನೆ" ಅನ್ನುವುದು ಕೆಲಸ ಕೊಡುವವನಿಗೆ ಬೇಕಾದ ಉತ್ತರವಲ್ಲ. ಅವನಿಗೆ ಬೇಕಿರುವುದು "ಏನು ಮಾಡಿ ಮುಗಿಸಿದ್ದೀಯ" ಅನ್ನುವುದು.

ನಾನು ಒಂದು ಪುಟ ನೋಡುವ ಕ್ರಮ ಹೀಗಿದೆ. ಮೊದಲು ಮೇಲಿನ ನಾಲ್ಕೈದು ಸಾಲು ಓದುತ್ತೇನೆ. ಆಮೇಲೆ ಪಿನ್ ಮಾಡಿದ ಯೋಜನೆಗಳ ಮೇಲೆ ಕಣ್ಣಾಡಿಸುತ್ತೇನೆ. ಅವುಗಳಲ್ಲಿ ಒಂದನ್ನು ಒತ್ತಿ ಒಳಗೆ ಹೋಗುತ್ತೇನೆ. ಅಲ್ಲಿ ವಿವರಣೆ ಇದ್ದರೆ ಓದಿ, ಒಂದೆರಡು ಕಡತ ತೆರೆಯುತ್ತೇನೆ. ಮೇಜಿನ ಮೇಲೆ ನಲವತ್ತು ಅರ್ಜಿ ಇದ್ದಾಗ ಇಷ್ಟಕ್ಕೆ ಎರಡು ನಿಮಿಷ ಸಿಕ್ಕರೆ ಹೆಚ್ಚು. ಛತ್ರದಲ್ಲಿ ಅರೆಗಳಿಗೆ ತಂಗುವ ದಾರಿಹೋಕನಂತೆ ಬಂದು ಹೋಗುತ್ತೇನೆ. ಆ ಎರಡು ನಿಮಿಷದಲ್ಲಿ ಬ್ಯಾಡ್ಜುಗಳು ನನಗೆ ಏನನ್ನೂ ಹೇಳುವುದಿಲ್ಲ, ಯಾಕೆಂದರೆ ಎಲ್ಲರ ಪುಟದಲ್ಲೂ ಅವೇ ಇರುತ್ತವೆ.

ಶೇ. 96ರ ಮೋಸ

ಬ್ಯಾಡ್ಜು ತೆಗೆಯುವ ಮೊದಲು ಅಂಕಿಅಂಶದ ಕಾರ್ಡುಗಳ ಬಗ್ಗೆ ಹೇಳಬೇಕು. ಅವು ಯಂತ್ರವೇ ಕೊಟ್ಟ ಸರ್ಟಿಫಿಕೇಟ್ ಥರ ಕಾಣುತ್ತವಲ್ಲ, ಅದಕ್ಕೆ ಹುಡುಗರು ನಂಬುತ್ತಾರೆ.

ಒಂದು ರೆಪೊದಲ್ಲಿ ಯಾವ ಭಾಷೆ ಎಷ್ಟಿದೆ ಎಂದು ಗಿಟ್‌ಹಬ್ ಲೆಕ್ಕ ಹಾಕುವುದು ಕಡತಗಳ ಗಾತ್ರದ ಮೇಲೆ, ಅಂದರೆ ಬೈಟುಗಳ ಲೆಕ್ಕದಲ್ಲಿ. ಜುಪಿಟರ್ ನೋಟ್‌ಬುಕ್ ಕಡತದೊಳಗೆ ಬರೆದ ಕೋಡ್ ಜೊತೆಗೆ ಅದು ತೋರಿಸಿದ ಗ್ರಾಫ್ ಚಿತ್ರಗಳೂ ಅಕ್ಷರಗಳಾಗಿ ಸೇರಿಕೊಂಡಿರುತ್ತವೆ. ನಮ್ಮ ಹುಡುಗಿ ಟ್ರೈನಿಂಗಿನಲ್ಲಿ ಮಾಡಿದ ಎರಡು ಅಭ್ಯಾಸದ ನೋಟ್‌ಬುಕ್‌ಗಳಲ್ಲಿ ಹತ್ತಾರು ಗ್ರಾಫ್ ಇದ್ದವು. ಅವುಗಳ ಭಾರಕ್ಕೆ ಅವಳು ಕಷ್ಟಪಟ್ಟು ಬರೆದ ಪೈಥಾನ್ ಕೋಡ್ ಶೇ. 4ರೊಳಗೆ ಮುಳುಗಿಹೋಗಿತ್ತು. ಆ ಕಾರ್ಡ್ ಅವಳ ಕೌಶಲದ ಬಗ್ಗೆ ಹೇಳುತ್ತಿರಲಿಲ್ಲ, ಗ್ರಾಫ್ ಚಿತ್ರಗಳ ತೂಕ ಹೇಳುತ್ತಿತ್ತು.

ಮುರಿದಿದ್ದ ಇನ್ನೊಂದು ಕಾರ್ಡಿನ ಕಥೆ ಬೇರೆ. ಅಂಥ ಕಾರ್ಡುಗಳು ಗಿಟ್‌ಹಬ್‌ನವಲ್ಲ. ಹೊರಗಿನ ಯಾರೋ ಉಚಿತವಾಗಿ ನಡೆಸುವ ಸರ್ವರಿನಿಂದ ಚಿತ್ರವಾಗಿ ಬರುತ್ತವೆ. ಲೋಕದವರೆಲ್ಲ ಅದನ್ನೇ ಬಳಸಿದಾಗ ಮಿತಿ ದಾಟಿ ಚಿತ್ರ ಬರುವುದು ನಿಲ್ಲುತ್ತದೆ. ನೀವು ನೋಡಿದಾಗ ಸರಿಯಾಗಿರುತ್ತದೆ, ಕೆಲಸ ಕೊಡುವವನು ನೋಡಿದಾಗ ಮುರಿದಿರುತ್ತದೆ. ನಿಮ್ಮ ಕೈಯಲ್ಲಿಲ್ಲದ ವಸ್ತುವನ್ನು ನಿಮ್ಮ ಬಾಗಿಲಿಗೆ ತೋರಣ ಕಟ್ಟಬೇಡಿ. ಎರಡನ್ನೂ ತೆಗೆದೆವು.

ಯಾವ ಮೂರು?

ಅವಳ ಖಾತೆಯಲ್ಲಿ ಹತ್ತೊಂಬತ್ತು ರೆಪೊ ಇದ್ದವು. ಹವಾಮಾನ ತೋರಿಸುವ ಆ್ಯಪ್, ಮಾಡಬೇಕಾದ ಕೆಲಸಗಳ ಪಟ್ಟಿ, ಯಾವುದೋ ಶಾಪಿಂಗ್ ತಾಣದ ನಕಲು. ಇವೆಲ್ಲ ವಿಡಿಯೊ ನೋಡಿಕೊಂಡು ಮಾಡಿದವು, ಕಲಿಯಲು ಒಳ್ಳೆಯವೇ. ಆದರೆ ಇದೇ ವಿಡಿಯೊ ನೋಡಿ ಸಾವಿರಾರು ಜನ ಇದೇ ಆ್ಯಪ್ ಮಾಡಿದ್ದಾರೆ. ನಾನು ಅವಳಿಗೆ ಮೂರು ಪ್ರಶ್ನೆ ಕೊಟ್ಟೆ. ಇದನ್ನು ನೀನಲ್ಲದೆ ಇನ್ಯಾರಾದರೂ ಬಳಸಿದ್ದಾರಾ? ಎಲ್ಲಿ ಕೆಟ್ಟಿತು? ಕೆಟ್ಟಾಗ ಏನು ಬದಲಾಯಿಸಿದೆ? ಈ ಮೂರಕ್ಕೂ ಉತ್ತರ ಇರುವುದನ್ನು ಮಾತ್ರ ಇಟ್ಟುಕೋ ಅಂದೆ.

ಹದಿನಾರು ಅಲ್ಲೇ ಬಿದ್ದುಹೋದವು. ಉಳಿದ ಮೂರರಲ್ಲಿ ಒಂದನ್ನು ಅವಳು ತೋರಿಸಲೇ ನಾಚಿಕೊಂಡಳು. "ಅದು ಅಪ್ಪನಿಗೆ ಮಾಡಿಕೊಟ್ಟಿದ್ದಣ್ಣ, ಡೇರಿ ಲೆಕ್ಕ. ಅದು ಪ್ರಾಜೆಕ್ಟ್ ಅಲ್ಲ."

ನನಗೆ ಬೇಕಾಗಿದ್ದು ಅದೇ.

ಹಳ್ಳಿಯ ಹಾಲಿನ ಡೇರಿಯ ಲೆಕ್ಕ ಓದುಗರಿಗೆ ಗೊತ್ತಿರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಹಾಕುತ್ತೇವೆ. ಹಾಲಿನ ಅಳತೆ, ಫ್ಯಾಟು, ಎಸ್‌ಎನ್‌ಎಫ್ ನೋಡಿ ಆ ಹೊತ್ತಿನ ದರ ನಿಗದಿಯಾಗುತ್ತದೆ. ಕೆಲವು ದಿನಗಳಿಗೊಮ್ಮೆ ಬಟವಾಡೆ. ಅವರಪ್ಪ ಚೀಟಿಗಳನ್ನೆಲ್ಲ ಕ್ಯಾಲೆಂಡರಿನ ಮೊಳೆಗೆ ಚುಚ್ಚಿಡುತ್ತಿದ್ದರು. ಮಗಳು ಅವನ್ನು ಸೇರಿಸಿ ಒಟ್ಟು ಎಷ್ಟು ಬರಬೇಕು ಎಂದು ಹೇಳುವ ಸಣ್ಣ ಪ್ರೋಗ್ರಾಂ ಬರೆದಳು. ಮೊದಲ ಸಲ ಹದಿನೈದು ದಿನದ ಚೀಟಿ ಸೇರಿಸಿದಾಗ ಡೇರಿಯ ಮೊತ್ತಕ್ಕೂ ಇವಳ ಮೊತ್ತಕ್ಕೂ ಒಂಬತ್ತು ಪೈಸೆ ವ್ಯತ್ಯಾಸ ಬಂತು.

ಒಂಬತ್ತು ಪೈಸೆ ಅಂತ ಬಿಟ್ಟುಬಿಡಬಹುದಿತ್ತು. ಇವಳು ಬಿಡಲಿಲ್ಲ. ಒಂದೊಂದೇ ಚೀಟಿ ತೆಗೆದು ನೋಡಿದಳು. ಕೆಲವು ಚೀಟಿಗಳಲ್ಲಿ ಮಾತ್ರ ಒಂದು ಪೈಸೆ ಕಡಿಮೆ ಬರುತ್ತಿತ್ತು. ಉದಾಹರಣೆಗೆ, 7.5 ಲೀಟರ್ ಹಾಲು, ಲೀಟರಿಗೆ 34.15 ರೂಪಾಯಿ. ಗುಣಿಸಿದರೆ 256.125. ಪೈಸೆಗೆ ತರುವಾಗ ಡೇರಿ ಚೀಟಿ ಇದನ್ನು 256.13 ಮಾಡಿತ್ತು, ನಾವು ಶಾಲೆಯಲ್ಲಿ ಕಲಿತ ಹಾಗೆ. ಪೈಥಾನ್ ಮಾಡಿದ್ದು ಹೀಗೆ:

```
>>> round(256.125, 2)
256.12
```

ಇದು ಪೈಥಾನಿನ ತಪ್ಪಲ್ಲ. ಸಂಖ್ಯೆ ಸರಿಯಾಗಿ ಅರ್ಧದಲ್ಲಿ ನಿಂತಾಗ ಅದು ಹತ್ತಿರದ ಸಮ ಅಂಕಿಯ ಕಡೆಗೆ ಹೋಗುತ್ತದೆ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋದರೆ ದೊಡ್ಡ ಮೊತ್ತದಲ್ಲಿ ವಾಲಿಕೆ ಬರಬಾರದು ಅನ್ನುವುದು ಆ ನಿಯಮದ ಉದ್ದೇಶ. ಡೇರಿಯ ಯಂತ್ರ ಅರ್ಧ ಬಂದರೆ ಯಾವಾಗಲೂ ಮೇಲಕ್ಕೇ ಹೋಗುತ್ತಿತ್ತು. ಎರಡೂ ಸರಿ, ಆದರೆ ಚೀಟಿಯ ಜೊತೆ ತಾಳೆ ಆಗಬೇಕಾದರೆ ಚೀಟಿಯ ನಿಯಮವನ್ನೇ ಹಿಡಿಯಬೇಕು. ದಶಮಾಂಶವನ್ನು ನಾವು ಬರೆದ ಹಾಗೇ ಇಟ್ಟುಕೊಳ್ಳುವ `Decimal` ಬಳಸಿ, ನಿಯಮವನ್ನು ತಾನೇ ಹೇಳಿ, ಪ್ರತಿ ಚೀಟಿಯನ್ನೂ ಬೇರೆಬೇರೆಯಾಗಿ ಪೈಸೆಗೆ ತಂದು ಆಮೇಲೆ ಕೂಡಿಸಿದಳು:

```
from decimal import Decimal, ROUND_HALF_UP

hana = Decimal("7.5") * Decimal("34.15")
hana.quantize(Decimal("0.01"), rounding=ROUND_HALF_UP)
# Decimal('256.13')
```

ಮೂವತ್ತು ಚೀಟಿಯೂ ತಾಳೆಯಾದವು. ಆಮೇಲೆ ಬೀದಿಯ ಇನ್ನೂ ನಾಲ್ಕು ಮನೆಯವರು ತಮ್ಮ ಚೀಟಿಗಳನ್ನು ಇವಳ ಹತ್ತಿರ ತಂದರು.

ಈಗ ಹೇಳಿ, "ಪೈಥಾನ್" ಎಂಬ ಹಳದಿ ನೀಲಿ ಬ್ಯಾಡ್ಜ್ ಹೆಚ್ಚು ಹೇಳುತ್ತದಾ, ಈ ಒಂಬತ್ತು ಪೈಸೆಯ ಕಥೆ ಹೆಚ್ಚು ಹೇಳುತ್ತದಾ? ಹಣದ ಲೆಕ್ಕ ಬರೆಯುವ ಯಾವ ಕಂಪನಿಯವನೂ ಈ ಕಥೆ ಓದಿ ಪುಟ ಮುಚ್ಚುವುದಿಲ್ಲ. ಇದೇ ಗುಂಡಿಗೆ ಅವನೂ ಒಮ್ಮೆ ಬಿದ್ದಿರುತ್ತಾನೆ.

ಬರೆದದ್ದು ಹೀಗೆ

ಎರಡನೆಯ ಕೆಲಸ, ಸ್ತ್ರೀಶಕ್ತಿ ಸಂಘದ ಹಳೆಯ ಎಕ್ಸೆಲ್ ಪಟ್ಟಿ. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು, ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತಿದ್ದವು. ಅಂಥ ಬರಹವನ್ನು ಯೂನಿಕೋಡ್‌ಗೆ ತರುವ ಮುಕ್ತ ಕೋಡ್ ಆಗಲೇ ಇದೆ. ಅರವಿಂದ ವಿ.ಕೆ. ಅವರ `ascii2unicode` ಅಂಥದ್ದು. ತೊಡಕು ಬೇರೆ ಕಡೆ ಇತ್ತು. ಅದೇ ಹಾಳೆಯಲ್ಲಿ ನಿಜವಾದ ಇಂಗ್ಲಿಷ್ ಕಲಂಗಳೂ ಇದ್ದವು, ಎಲ್ಲವನ್ನೂ ಪರಿವರ್ತನೆಗೆ ಕೊಟ್ಟರೆ ಬ್ಯಾಂಕಿನ ಹೆಸರುಗಳು ಕನ್ನಡದ ಕಲಸುಮೇಲೋಗರ ಆಗುತ್ತಿದ್ದವು. ಅಕ್ಷರ ನೋಡಿ ಯಾವುದು ಏನೆಂದು ಹೇಳಲಾಗದು, ಒಳಗಿನ ಸಂಕೇತ ಎರಡಕ್ಕೂ ಒಂದೇ. ಇವಳು ಪ್ರತಿ ಕೋಶದ ಫಾಂಟಿನ ಹೆಸರು ಓದಿ, ಅದು ನುಡಿ ಆಗಿದ್ದರೆ ಮಾತ್ರ ಪರಿವರ್ತಿಸಿದಳು.

ಮೂರನೆಯದು ಕಾಲೇಜಿನಲ್ಲಿ ನಾಲ್ವರು ಸೇರಿ ಮಾಡಿದ ಗ್ರಂಥಾಲಯದ ತಂತ್ರಾಂಶ. ಮೊದಲು ಅವಳು ಅದನ್ನು ಪೂರ್ತಿ ತನ್ನದೇ ಅನ್ನುವಂತೆ ಬರೆದಿದ್ದಳು. ಸಂದರ್ಶನದಲ್ಲಿ ಲಾಗಿನ್ ಭಾಗದ ಬಗ್ಗೆ ಕೇಳಿದರೆ ಸಿಕ್ಕಿಬೀಳುತ್ತಿದ್ದಳು. ಅವಳ ಪಾಲು ಹುಡುಕಾಟ. "ರಾಜ್‌ಕುಮಾರ್" ಎಂದು ಹುಡುಕಿದರೆ ಪುಸ್ತಕ ಸಿಗುತ್ತಿರಲಿಲ್ಲ, ಯಾಕೆಂದರೆ ಜ್ ಮತ್ತು ಕು ಒತ್ತಾಗದಂತೆ ನಡುವೆ ಕೂತ ಕಣ್ಣಿಗೆ ಕಾಣದ ಅಕ್ಷರ ಒಬ್ಬರ ಟೈಪಿಂಗಿನಲ್ಲಿ ಇರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ. ಹುಡುಕುವ ಮೊದಲು ಎರಡೂ ಕಡೆಯಿಂದ ಅದನ್ನು ತೆಗೆದುಹಾಕಿದ್ದು ಇವಳ ಕೆಲಸ.

ಬರೆಯಲು ಕೂತಾಗ ಅವಳಿಗೆ ಇಂಗ್ಲಿಷ್ ಅಡ್ಡ ಬಂತು. "ಪ್ಯಾಶನೇಟ್" ಅನ್ನುವ ಪದದಿಂದಲೇ ಶುರು ಮಾಡಿದಳು. ನಿಲ್ಲಿಸಿ, ನಮ್ಮ ಮಾತಲ್ಲೇ ಬರೀ ಅಂದೆ. ಬರೆದ ಮೇಲೆ ಹೀಗಿತ್ತು (ಕೊಂಡಿಯಲ್ಲಿ `username` ಇರುವ ಕಡೆ ನಿಮ್ಮ ಹೆಸರು ಬರುತ್ತದೆ):

```
ಕೈಬರಹದ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡುವ ಸಣ್ಣ ತಂತ್ರಾಂಶಗಳನ್ನು
ಪೈಥಾನ್‌ನಲ್ಲಿ ಬರೆಯುತ್ತೇನೆ.

**[ಹಾಲಿನ ಲೆಕ್ಕ](https://github.com/username/haalu-lekka)**
ಡೇರಿ ಚೀಟಿಗಳನ್ನು ಕೂಡಿಸಿ ಬಟವಾಡೆಗೆ ತಾಳೆ ನೋಡುತ್ತದೆ.
ಐದು ಮನೆಗಳು ಬಳಸುತ್ತಿವೆ. ಒಂಬತ್ತು ಪೈಸೆಯ ವ್ಯತ್ಯಾಸ
ಹುಡುಕಿದ್ದು ಹೇಗೆ ಎಂಬುದು ಒಳಗಿದೆ.

**[ನುಡಿಯಿಂದ ಯೂನಿಕೋಡ್](https://github.com/username/nudi-excel)**
ಕನ್ನಡ, ಇಂಗ್ಲಿಷ್ ಬೆರೆತ ಹಳೆಯ ಎಕ್ಸೆಲ್ ಹಾಳೆಯಲ್ಲಿ ಕನ್ನಡವನ್ನು
ಮಾತ್ರ ಪರಿವರ್ತಿಸುತ್ತದೆ. ಅಕ್ಷರ ಪರಿವರ್ತನೆ: ascii2unicode.
ಕೋಶ ಗುರುತಿಸುವ ಭಾಗ ನನ್ನದು.

**[ಗ್ರಂಥಾಲಯ](https://github.com/username/granthalaya)**
ನಾಲ್ವರ ಕೆಲಸ. ಕನ್ನಡ ಹೆಸರಿನ ಹುಡುಕಾಟ ನನ್ನದು.
```

ಇಷ್ಟೇ. ಇದನ್ನೇ ಸರಳ ಇಂಗ್ಲಿಷ್‌ಗೆ ತಂದು ಪುಟಕ್ಕೆ ಹಾಕಿದೆವು. ಕನ್ನಡದಲ್ಲಿ ಸ್ಪಷ್ಟವಾಗಿದ್ದ ವಾಕ್ಯ ಇಂಗ್ಲಿಷ್‌ನಲ್ಲೂ ಸ್ಪಷ್ಟವಾಗಿಯೇ ಬಂತು. ಗಮನಿಸಿ, ತಂತ್ರಜ್ಞಾನದ ಹೆಸರು ಇಲ್ಲವೆಂದಲ್ಲ. ಪೈಥಾನ್ ಇದೆ, ಎಕ್ಸೆಲ್ ಇದೆ, ಯೂನಿಕೋಡ್ ಇದೆ. ಆದರೆ ಪ್ರತಿಯೊಂದೂ ಒಂದು ಕೆಲಸಕ್ಕೆ ಅಂಟಿಕೊಂಡು ಬಂದಿದೆ. ಬೇರೆಯವರ ಕೋಡ್ ಬಳಸಿದ ಕಡೆ ಅದರ ಹೆಸರಿದೆ, ಗುಂಪಿನ ಕೆಲಸದಲ್ಲಿ ಅವಳ ಪಾಲು ಎಷ್ಟೆಂದು ಇದೆ. ಆ ಎರಡು ಸಾಲು ಅವಳನ್ನು ಚಿಕ್ಕವಳನ್ನಾಗಿ ಮಾಡುವುದಿಲ್ಲ. ಉಳಿದ ಮಾತನ್ನು ನಂಬಲು ಓದುವವನಿಗೆ ಅವೇ ಕಾರಣ ಕೊಡುತ್ತವೆ.

ಹಾಗಾದರೆ ಪಟ್ಟಿಗೆ ಜಾಗವೇ ಇಲ್ಲವಾ? ಇದೆ. ಪ್ರತಿ ರೆಪೊಗೂ ಟಾಪಿಕ್ ಎಂಬ ಚಿಕ್ಕ ಗುರುತುಗಳನ್ನು ಅಂಟಿಸಬಹುದು, `python`, `unicode`, `kannada` ಹೀಗೆ. ಹುಡುಕುವವರಿಗೆ ಅವು ಸಿಗುತ್ತವೆ, ಪರಿಚಯದ ಸಾಲುಗಳನ್ನು ತಿನ್ನುವುದಿಲ್ಲ. ಕೆಲಸದ ಅರ್ಜಿಯಲ್ಲೂ ಪಟ್ಟಿ ಇರಲಿ, ಯಾಕೆಂದರೆ ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮನುಷ್ಯರಿಗಿಂತ ಮೊದಲು ಪದ ಹುಡುಕುವ ತಂತ್ರಾಂಶ ಓದಬಹುದು. ಅಲ್ಲೂ ಅವಳ ಪಟ್ಟಿ ಮೂವತ್ತನಾಲ್ಕರಿಂದ ಏಳಕ್ಕೆ ಇಳಿಯಿತು.

ಬಾಗಿಲು ಚೆಂದ, ಒಳಗೆ ಕತ್ತಲೆ

ಮುಖಪುಟ ಬರೆದು ಮುಗಿಸಿದವರು ಎಡವುವುದು ಇಲ್ಲಿ. ಕೊಂಡಿ ಒತ್ತಿ ಒಳಗೆ ಹೋದರೆ ವಿವರಣೆಯೇ ಇರುವುದಿಲ್ಲ, ಬರೀ ಕಡತಗಳು. ಆ ಮೂರು ರೆಪೊಗೂ ತಮ್ಮದೇ ಆದ `README.md` ಬೇಕು. ಇದು ಏನು, ಯಾರಿಗೆ, ಓಡಿಸುವುದು ಹೇಗೆ, ಏನು ಇನ್ನೂ ಆಗಿಲ್ಲ. ಒಂದು ಮಾದರಿ ಬೇಕಿದ್ದರೆ 'ಅಲರ್' ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷ ಪದ ಮೀರಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. 2019ರಲ್ಲಿ ಅಂತರಜಾಲಕ್ಕೆ ಬಂತು, ಅದರ ದತ್ತಾಂಶ ಗಿಟ್‌ಹಬ್‌ನಲ್ಲಿ ಮುಕ್ತವಾಗಿದೆ. ಅದರ ಬೆಲೆ ತಿಳಿಯಲು ಯಾವ ತಂತ್ರಜ್ಞಾನ ಬಳಸಿದ್ದಾರೆಂದು ಯಾರೂ ಮೊದಲು ಕೇಳುವುದಿಲ್ಲ. ಏನು ಇದು, ಎಷ್ಟು ಪದ ಇವೆ, ಯಾವ ಷರತ್ತಿನ ಮೇಲೆ ಬಳಸಬಹುದು ಎಂದೇ ಕೇಳುತ್ತಾರೆ.

ಹಾಲಿನ ಲೆಕ್ಕದ ರೆಪೊ ತೆರೆದಾಗ ನನಗೆ ಎದೆ ಧಸಕ್ಕೆಂದಿತು. ಉದಾಹರಣೆಗೆಂದು ಇಟ್ಟಿದ್ದ ಕಡತದಲ್ಲಿ ಐದು ಮನೆಯವರ ನಿಜವಾದ ಹೆಸರು, ಬ್ಯಾಂಕ್ ಖಾತೆ ಸಂಖ್ಯೆ ಎಲ್ಲ ಇದ್ದವು. ರೆಪೊ ಎಲ್ಲರಿಗೂ ತೆರೆದಿತ್ತು.

"ಅಯ್ಯೋ, ಈಗ್ಲೇ ಡಿಲೀಟ್ ಮಾಡ್ತೀನಿ ಅಣ್ಣ" ಅಂದಳು.

ಮಾಡಿದರೂ ಹೋಗುವುದಿಲ್ಲ. ಗಿಟ್ ಇರುವುದೇ ಹಳೆಯದನ್ನು ನೆನಪಿಡಲಿಕ್ಕೆ. ಇವತ್ತು ಕಡತ ಅಳಿಸಿದರೆ ಇವತ್ತಿನ ಪುಟದಲ್ಲಿ ಕಾಣುವುದಿಲ್ಲ, ನಿನ್ನೆಯ ಕಮಿಟ್ ತೆರೆದರೆ ಹಾಗೇ ಇರುತ್ತದೆ. ನೀವೇ ಪರೀಕ್ಷಿಸಬಹುದು:

```
git log --all --oneline -- sample.csv
```

ಕಡತದ ಹೆಸರು ಕೊಟ್ಟು ಹೀಗೆ ಕೇಳಿದರೆ, ಅದನ್ನು ಮುಟ್ಟಿದ ಹಳೆಯ ಕಮಿಟ್‌ಗಳು ಸಾಲಾಗಿ ಬರುತ್ತವೆ. ಬಂದರೆ ಅದು ಇನ್ನೂ ಒಳಗಿದೆ ಎಂದೇ ಅರ್ಥ. ಇತಿಹಾಸವನ್ನು ತಿದ್ದಿ ಬರೆಯುವ ಉಪಕರಣಗಳಿವೆ, ಆದರೆ ಇವಳದು ಚಿಕ್ಕ ಕೆಲಸ. ರೆಪೊವನ್ನೇ ಅಳಿಸಿ, ಕಟ್ಟುಕಥೆಯ ಹೆಸರು ಮತ್ತು ಸಂಖ್ಯೆಗಳ ಹೊಸ ಕಡತ ಮಾಡಿ, ಹೊಸ ರೆಪೊದಲ್ಲಿ ಮೊದಲಿಂದ ಹಾಕಿದೆವು. ಹಳೆಯ ಕಮಿಟ್‌ಗಳ ದಿನಾಂಕ ಕಳೆದುಕೊಂಡೆವು. ನೆರೆಯವರ ಖಾತೆ ಸಂಖ್ಯೆಗಿಂತ ಅದು ದೊಡ್ಡದಲ್ಲ. ಆ ಹೊತ್ತಿಗೆ ಯಾರಾದರೂ ನಕಲು ಮಾಡಿಕೊಂಡಿದ್ದರೆ ಅದನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ಆ ಐದೂ ಮನೆಗೆ ಹೋಗಿ ಹೀಗಾಗಿತ್ತು ಎಂದು ಹೇಳಿ ಬಾ ಅಂದೆ. ಹೋಗಿ ಬಂದಳು. ಕೋಡಿನೊಳಗೆ ಪಾಸ್‌ವರ್ಡ್ ಅಥವಾ ಎಪಿಐ ಕೀಲಿ ಬಿಟ್ಟಿದ್ದರೂ ಇದೇ ಮಾತು. ಅಳಿಸುವುದು ಎರಡನೆಯ ಕೆಲಸ, ಆ ಕೀಲಿಯನ್ನು ರದ್ದು ಮಾಡಿ ಹೊಸದು ಪಡೆಯುವುದು ಮೊದಲ ಕೆಲಸ.

ಇನ್ನೊಂದು ಸಣ್ಣ ತೊಂದರೆ ಇತ್ತು. ವರ್ಷವಿಡೀ ಕೆಲಸ ಮಾಡಿದ್ದರೂ ಹಸಿರು ಚೌಕಗಳ ಕೋಷ್ಟಕ ಬಹುತೇಕ ಖಾಲಿಯಿತ್ತು. ಅವಳ ಲ್ಯಾಪ್‌ಟಾಪಿನ ಗಿಟ್‌ನಲ್ಲಿದ್ದದ್ದು ಕಾಲೇಜು ಕೊಟ್ಟ ಇಮೇಲ್, ಗಿಟ್‌ಹಬ್ ಖಾತೆಯಲ್ಲಿದ್ದದ್ದು ಸ್ವಂತದ್ದು. ಕಮಿಟ್‌ನಲ್ಲಿರುವ ವಿಳಾಸ ಖಾತೆಗೆ ಸೇರಿಲ್ಲದಿದ್ದರೆ ಆ ಕೆಲಸ ನಿಮ್ಮದೆಂದು ಗಿಟ್‌ಹಬ್‌ಗೆ ಗೊತ್ತಾಗುವುದಿಲ್ಲ. `git config user.email` ಎಂದು ಕೇಳಿದರೆ ಯಾವ ವಿಳಾಸ ಇದೆ ಎಂದು ಹೇಳುತ್ತದೆ. ಕಾಲೇಜಿನ ವಿಳಾಸ ಇನ್ನೂ ಚಾಲ್ತಿಯಲ್ಲಿದ್ದುದರಿಂದ ಖಾತೆಗೆ ಸೇರಿಸಿ ದೃಢಪಡಿಸಿದೆವು, ಹಳೆಯ ಕೆಲಸವೂ ಅವಳ ಲೆಕ್ಕಕ್ಕೆ ಬಂತು. ಹಸಿರು ಚೌಕಕ್ಕೆ ನಾನು ಅಂಥ ಬೆಲೆ ಕೊಡುವುದಿಲ್ಲ. ಆದರೆ ಕೋಡ್ ಬರೆದವರ ಜಾಗದಲ್ಲಿ ಯಾರೋ ಅಪರಿಚಿತರ ಹೆಸರು ಕಂಡರೆ ಇದು ನಕಲೇನೋ ಎಂದು ಅನುಮಾನ ಬರುವುದು ಸಹಜ.

ಕೊನೆಗೆ ಪಿನ್. ಆರರವರೆಗೆ ಪಿನ್ ಮಾಡಬಹುದು ಎಂದು ಆರನ್ನೂ ತುಂಬಿಸಬೇಕಿಲ್ಲ. ಆ ಮೂರನ್ನೇ, ಮುಖಪುಟದಲ್ಲಿ ಬರೆದ ಅದೇ ಕ್ರಮದಲ್ಲಿ ಇಟ್ಟೆವು.

ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಪುಟವನ್ನು ಲಾಗಿನ್ ಇಲ್ಲದ ಕಿಟಕಿಯಲ್ಲಿ ತೆರೆಯಿರಿ. ನಿಮಗೆ ಕಾಣುವ ಖಾಸಗಿ ರೆಪೊ ಇನ್ನೊಬ್ಬರಿಗೆ ಕಾಣುವುದಿಲ್ಲ, ಅದರ ಕೊಂಡಿ ಅವರಿಗೆ "ಸಿಗಲಿಲ್ಲ" ಎಂಬ ಪುಟ ತೋರಿಸುತ್ತದೆ. ಫೋನಿನಲ್ಲೂ ತೆರೆದು ನೋಡಿ. ಆಮೇಲೆ ಕಂಪ್ಯೂಟರ್ ಗೊತ್ತಿಲ್ಲದ ಒಬ್ಬರಿಗೆ ಒಂದು ನಿಮಿಷ ಓದಿಸಿ, ಇವಳು ಏನು ಮಾಡ್ತಾಳೆ ಎಂದು ಕೇಳಿ.

ನಾವು ಕನ್ನಡದ ಪ್ರತಿಯನ್ನು ಅವರಪ್ಪನಿಗೇ ಕೊಟ್ಟೆವು. ಕನ್ನಡಕ ಹಾಕಿಕೊಂಡು ಓದಿ, "ನಮ್ಮ ಡೇರಿ ಲೆಕ್ಕದ್ದು ಇದು. ಪೈಸೆ ಎಲ್ಲಿ ಹೋಯ್ತು ಅಂತ ಕಂಡುಹಿಡಿದಿದ್ಲಲ್ಲ, ಅದು" ಅಂದರು. ಹಳೆಯ ಪುಟದ ಬ್ಯಾಡ್ಜುಗಳನ್ನು ನೋಡಿದ್ದಾಗ ಅವರು ಒಂದೇ ಮಾತು ಕೇಳಿದ್ದರಂತೆ, "ಇದೇನವ್ವ, ಜಾಹೀರಾತಾ?"

ಒಂದು ಮಿತಿಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ನೂರಾರು ಜನರನ್ನು ಒಟ್ಟಿಗೆ ತೆಗೆದುಕೊಳ್ಳುವ ಕಡೆ ಅಂಕಪಟ್ಟಿ ಮತ್ತು ಆನ್‌ಲೈನ್ ಪರೀಕ್ಷೆಯೇ ಮುಖ್ಯ, ಈ ಪುಟವನ್ನು ಅಲ್ಲಿ ಯಾರೂ ತೆರೆಯದೇ ಇರಬಹುದು. ಇದು ಕೆಲಸಕ್ಕೆ ಬರುವುದು ಹೆಚ್ಚಾಗಿ ಚಿಕ್ಕ ಕಂಪನಿಗಳಲ್ಲಿ, ತಂಡದವರೇ ಕೂತು ಆರಿಸುವ ಕಡೆ. ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಅಂಥವು ಇವೆ. ಕ್ಯಾಂಪಸ್ ಆಯ್ಕೆ ನಡೆಯದ ಕಾಲೇಜುಗಳಿಂದ ಬಂದವರಿಗೆ ಹೆಚ್ಚಾಗಿ ತೆರೆದಿರುವುದೂ ಅವೇ.

ಜೂನ್‌ನಲ್ಲಿ ಮೈಸೂರಿನ ಒಂದು ಹನ್ನೊಂದು ಜನರ ಕಂಪನಿ ಅವಳನ್ನು ಕರೆಯಿತು. ಅರ್ಧ ಗಂಟೆ ಒಂಬತ್ತು ಪೈಸೆಯ ಬಗ್ಗೆಯೇ ಕೇಳಿದರಂತೆ. ಚೀಟಿ ತಪ್ಪಿದ್ದರೆ ಏನು ಮಾಡುತ್ತಿದ್ದೆ, ದರ ನಡುವೆ ಬದಲಾದರೆ ಹೇಗೆ ಎಂದೆಲ್ಲ. ಎಲ್ಲಕ್ಕೂ ಉತ್ತರ ಕೊಟ್ಟಳು, ಕನ್ನಡ ಇಂಗ್ಲಿಷ್ ಬೆರೆಸಿಯೇ. ಕೆಲಸ ಸಿಗಲಿಲ್ಲ. ಅವರಿಗೆ ಎರಡು ವರ್ಷ ಅನುಭವ ಇದ್ದವರು ಬೇಕಿತ್ತು. ಆದರೆ ಅಲ್ಲಿದ್ದವರೊಬ್ಬರು ಹಾಲಿನ ಲೆಕ್ಕದ ಕೊಂಡಿಯನ್ನು ಇನ್ನೊಂದು ಕಡೆಗೆ ಕಳಿಸಿದರು. ಅಲ್ಲಿ ಈಗ ಆರು ತಿಂಗಳ ತರಬೇತಿಗೆ ಸೇರಿದ್ದಾಳೆ, ಸಂಬಳ ಕಡಿಮೆ.

ಮೊನ್ನೆ ಫೋನ್ ಮಾಡಿದ್ದಳು. "ಅಣ್ಣ, ಡಾಕರ್ ಕಲಿತೆ, ಆಫೀಸಲ್ಲಿ ದಿನಾ ಬಳಸ್ತಾ ಇದ್ದೀನಿ. ಪುಟಕ್ಕೆ ಹಾಕ್ಲಾ?"

"ಅದರಿಂದ ಏನು ಮಾಡ್ದೆ ಅಂತ ಒಂದು ವಾಕ್ಯ ಬರೀತೀಯಾ?" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಇಲ್ಲ. ಬರೆಯೋ ಹಂಗಾದಾಗ ಹಾಕ್ತೀನಿ ಬಿಡಿ" ಅಂದಳು.